‘ಚೆನ್ನಾಗಿಲ್ಲ’ದೊಳಗೆ ಕುಳಿತಿರುವ ‘ಚೆನ್ನಾಗಿ’: ಗ್ರಾಹಕರ ಮಾತನ್ನು ಪದಪಟ್ಟಿಯಿಂದ ವಿಂಗಡಿಸುವ ಬಗೆ

ಪ್ರಶ್ನೆ: ದಾವಣಗೆರೆ ಮತ್ತು ಹುಬ್ಬಳ್ಳಿಯಲ್ಲಿ ನಮ್ಮ ಮೂರು ಸಸ್ಯಾಹಾರಿ ಹೋಟೆಲುಗಳಿವೆ. ಬಿಲ್ಲಿನ ಮೇಲಿನ ಕ್ಯೂಆರ್ ಕೋಡ್ ಮೂಲಕ ಗ್ರಾಹಕರು ಬರೆದ ಸುಮಾರು ನಾಲ್ಕು ಸಾವಿರ ಅಭಿಪ್ರಾಯಗಳು ಸೇರಿವೆ. ಇಂಗ್ಲಿಷ್ ಪದಪಟ್ಟಿಯೊಂದನ್ನು ಕನ್ನಡಕ್ಕೆ ಅನುವಾದಿಸಿ, ಒಳ್ಳೆಯ ಪದ ಸಿಕ್ಕರೆ ‘ಮೆಚ್ಚುಗೆ’, ಕೆಟ್ಟ ಪದ ಸಿಕ್ಕರೆ ‘ದೂರು’, ಯಾವುದೂ ಸಿಗದಿದ್ದರೆ ‘ತಟಸ್ಥ’ ಎಂದು ಪೈಥಾನ್‌ನಲ್ಲಿ ವಿಂಗಡಿಸಿದೆ. ಎಷ್ಟೋ ದೂರುಗಳು ಮೆಚ್ಚುಗೆಯ ಕಡೆ ಹೋಗಿವೆ. ಹೆಚ್ಚುಕಡಿಮೆ ಅರ್ಧ ತಟಸ್ಥವೆಂದು ಬಂದಿವೆ. ಪಟ್ಟಿಯನ್ನು ಇನ್ನೂ ದೊಡ್ಡದು ಮಾಡಬೇಕೇ ಅಥವಾ ಈ ದಾರಿಯನ್ನೇ ಬಿಡಬೇಕೇ?

ಉತ್ತರ: ದಾರಿಯನ್ನು ಬಿಡಬೇಕಾಗಿಲ್ಲ, ಪಟ್ಟಿಯನ್ನು ದೊಡ್ಡದು ಮಾಡುವುದು ಕೂಡ ಈಗಲೇ ಬೇಡ. ಎರಡು ಬೇರೆ ಬೇರೆ ಕಾಯಿಲೆಗಳು ಇಲ್ಲಿ ಒಟ್ಟಿಗೆ ಕಾಣಿಸಿಕೊಂಡಿವೆ. ದೂರುಗಳು ಮೆಚ್ಚುಗೆಯ ಕಡೆ ಹೋಗುತ್ತಿರುವುದಕ್ಕೆ ಕಾರಣ, ಕನ್ನಡದಲ್ಲಿ ‘ಇಲ್ಲ’ ಎಂಬುದು ಎಲ್ಲಿ ಬಂದು ಕೂರುತ್ತದೆ ಎಂಬುದನ್ನು ನಿಮ್ಮ ಕ್ರಮವಿಧಿ ಗಮನಿಸದಿರುವುದು. ಅರ್ಧದಷ್ಟು ಮಾತು ತಟಸ್ಥವಾಗಿರುವುದಕ್ಕೆ ಕಾರಣ, ನಿಮ್ಮ ಪಟ್ಟಿಯಲ್ಲಿರುವ ಪದಗಳನ್ನು ನಿಮ್ಮ ಗ್ರಾಹಕರು ಬರೆಯುವುದೇ ಇಲ್ಲ ಎಂಬುದು. ಪಟ್ಟಿಯ ಪದಗಳನ್ನು ಹತ್ತು ಪಟ್ಟು ಮಾಡಿದರೂ ಮೊದಲನೆಯ ಕಾಯಿಲೆ ವಾಸಿಯಾಗುವುದಿಲ್ಲ, ಇನ್ನಷ್ಟು ಹೆಚ್ಚಾಗುತ್ತದೆ. ಆದ್ದರಿಂದ ಅದನ್ನೇ ಮೊದಲು ನೋಡೋಣ.

‘ಚೆನ್ನಾಗಿದೆ’ ಮತ್ತು ‘ಚೆನ್ನಾಗಿಲ್ಲ’ ಎಂಬ ಎರಡು ಪದಗಳನ್ನು ಅಕ್ಷರ ಅಕ್ಷರವಾಗಿ ಪಕ್ಕದಲ್ಲಿಟ್ಟು ನೋಡಿ. ‘ಚೆನ್ನಾಗಿ’ ಎಂಬಷ್ಟು ಭಾಗ ಎರಡರಲ್ಲೂ ಒಂದೇ. ಅರ್ಥವನ್ನು ತಲೆಕೆಳಗು ಮಾಡುವ ಭಾಗ ಬಾಲದಲ್ಲಿದೆ. ಪಟ್ಟಿಯಲ್ಲಿ ‘ಚೆನ್ನಾಗಿ’ ಎಂದು ಬರೆದು, ಅದು ವಾಕ್ಯದಲ್ಲಿ ಎಲ್ಲಿಯಾದರೂ ಇದೆಯೇ ಎಂದು ಹುಡುಕಿದರೆ, ‘ಸಾಂಬಾರ್ ಚೆನ್ನಾಗಿಲ್ಲ’ ಎಂದು ಬರೆದವರೂ ನಿಮ್ಮ ಅಭಿಮಾನಿಗಳಾಗಿಬಿಡುತ್ತಾರೆ. ಇಂಗ್ಲಿಷಿನ ವಿಧಾನವನ್ನು ಹಾಗೆಯೇ ತಂದುಕೊಂಡರೂ ಇದು ಸರಿಹೋಗದು. ಇಂಗ್ಲಿಷಿಗಾಗಿ 2014ರಲ್ಲಿ ಬಂದ, ಇಂದಿಗೂ ಬಹಳ ಜನ ಬಳಸುವ `VADER` ಎಂಬ ಪದಪಟ್ಟಿಯಾಧಾರಿತ ಸಾಧನವು, ಭಾವ ಹೇಳುವ ಪದವೊಂದು ಸಿಕ್ಕಾಗ ಅದರ ಹಿಂದಿನ ಮೂರು ಪದಗಳವರೆಗೆ ನಿಷೇಧವಿದೆಯೇ ಎಂದು ನೋಡುತ್ತದೆ. ಇಂಗ್ಲಿಷಿನಲ್ಲಿ ನಿಷೇಧ ಮೊದಲು ಬರುತ್ತದೆ, ಒಳ್ಳೆಯದು ಆಮೇಲೆ ಬರುತ್ತದೆ. ಆದ್ದರಿಂದ ಅಲ್ಲಿ ಅದು ಸರಿ. ನಮ್ಮಲ್ಲಿ ‘ರುಚಿ ಇಲ್ಲ’, ‘ರುಚಿಯಾಗಿರಲಿಲ್ಲ’, ‘ರುಚಿಯೇನೂ ಇರಲಿಲ್ಲ’ ಎಂದು ನಿಷೇಧ ಯಾವಾಗಲೂ ಹಿಂಬಾಲಿಸಿ ಬರುತ್ತದೆ. ಒಮ್ಮೆ ಬೇರೆ ಪದವಾಗಿ, ಒಮ್ಮೆ ಅದೇ ಪದಕ್ಕೆ ಅಂಟಿಕೊಂಡು. ಹಿಂದಕ್ಕೆ ನೋಡುವ ಕಣ್ಣಿಗೆ ಅದು ಕಾಣುವುದೇ ಇಲ್ಲ. ಕನ್ನಡಕ್ಕೆ ಮುಂದಕ್ಕೆ ನೋಡಬೇಕು.

ಮುಂದಕ್ಕೆ ನೋಡುವುದು ಎಂದರೆ ಎಷ್ಟು ದೂರ ಎಂಬ ಪ್ರಶ್ನೆ ಬರುತ್ತದೆ. ಆ ಪದ ಮತ್ತು ಅದರ ಮುಂದಿನ ಎರಡು ಪದಗಳು ಸಾಮಾನ್ಯವಾಗಿ ಸಾಕು, ಆದರೆ ಒಂದು ಷರತ್ತಿನೊಡನೆ. ‘ದೋಸೆ ಚೆನ್ನಾಗಿತ್ತು ಚಟ್ನಿ ಇರಲಿಲ್ಲ’ ಎಂದು ಗ್ರಾಹಕರು ಅಲ್ಪವಿರಾಮವಿಲ್ಲದೆ ಬರೆಯುತ್ತಾರೆ; ಫೋನಿನಲ್ಲಿ ಬರೆಯುವವರು ವಿರಾಮಚಿಹ್ನೆಯ ಗೊಡವೆಗೆ ಹೋಗುವುದಿಲ್ಲ. ಇಲ್ಲಿ ‘ಚೆನ್ನಾಗಿತ್ತು’ ಎಂಬುದರಿಂದ ಎರಡು ಪದ ಮುಂದೆ ‘ಇರಲಿಲ್ಲ’ ಇದೆ, ಕ್ರಮವಿಧಿ ದೋಸೆಯನ್ನೂ ಕೆಟ್ಟದ್ದೆಂದು ತೀರ್ಮಾನಿಸುತ್ತದೆ. ಇದಕ್ಕೆ ಪರಿಹಾರವನ್ನು ಭಾಷೆಯೇ ಕೊಟ್ಟಿದೆ. ಕನ್ನಡದಲ್ಲಿ ಪೂರ್ಣಕ್ರಿಯಾಪದ ಬಂದಲ್ಲಿಗೆ ಆ ಮಾತು ಮುಗಿಯುತ್ತದೆ. ‘ಇದೆ’, ‘ಇತ್ತು’, ‘ಐತಿ’ ಎಂಬ ಬಾಲ ಕಂಡ ಕೂಡಲೇ ಮುಂದೆ ನೋಡುವುದನ್ನು ನಿಲ್ಲಿಸಿದರೆ ಸಾಕು, ಚಟ್ನಿಯ ಪಾಪ ದೋಸೆಗೆ ತಟ್ಟುವುದಿಲ್ಲ.

ಇಷ್ಟು ತಿಳಿದ ಮೇಲೆ ಪದಗಳನ್ನು ಬಿಡಿಸಿಕೊಳ್ಳುವ ಹಂತಕ್ಕೆ ಬರೋಣ, ಏಕೆಂದರೆ ಅಲ್ಲೊಂದು ಗುಂಡಿ ಇದೆ ಮತ್ತು ಪೈಥಾನ್‌ನಲ್ಲಿ ಕನ್ನಡವನ್ನು ಮುಟ್ಟಿದವರಲ್ಲಿ ಬಹುಪಾಲು ಜನ ಅದಕ್ಕೆ ಬಿದ್ದೇ ಎದ್ದಿದ್ದಾರೆ. ವಾಕ್ಯದಿಂದ ಪದಗಳನ್ನು ತೆಗೆಯಲು ಎಲ್ಲರೂ ರೂಢಿಯಂತೆ `\w+` ಎಂದು ಬರೆಯುತ್ತಾರೆ. ಪೈಥಾನ್‌ನ `re` ಅಕ್ಷರ, ಅಂಕಿ ಮತ್ತು `_` ಚಿಹ್ನೆಯನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಸ್ವರಚಿಹ್ನೆಗಳು ಮತ್ತು ಅರ್ಧಾಕ್ಷರದ ಚಿಹ್ನೆ ಯೂನಿಕೋಡ್‌ನಲ್ಲಿ ಬೇರೆ ವರ್ಗಕ್ಕೆ ಸೇರಿರುವುದರಿಂದ ಅವುಗಳ ಬಳಿ ಪದ ತುಂಡಾಗುತ್ತದೆ. ‘ಚೆನ್ನಾಗಿ’ ಎಂಬುದು ‘ಚ’, ‘ನ’, ‘ನ’, ‘ಗ’ ಎಂದು ನಾಲ್ಕು ಚೂರಾಗಿ ಹೊರಬರುತ್ತದೆ, ಪಟ್ಟಿಯ ಯಾವ ಪದಕ್ಕೂ ಅದು ಹೊಂದುವುದಿಲ್ಲ, ಮತ್ತು ಎಲ್ಲವೂ ಸದ್ದಿಲ್ಲದೆ ತಟಸ್ಥದ ಪೆಟ್ಟಿಗೆಗೆ ಬೀಳುತ್ತದೆ. ಪದದ ಅಂಚನ್ನು ಸೂಚಿಸುವ `\b` ಕೂಡ ಇದೇ ಕಾರಣಕ್ಕೆ ಕೈಕೊಡುತ್ತದೆ. ನಿಮ್ಮ ತಟಸ್ಥದ ಪ್ರಮಾಣ ಅಷ್ಟು ಹೆಚ್ಚಿರುವುದನ್ನು ನೋಡಿದರೆ ಮೊದಲು ಇದನ್ನೇ ಪರೀಕ್ಷಿಸಬೇಕು: ಒಂದು ಅಭಿಪ್ರಾಯವನ್ನು ಕೊಟ್ಟು, ಕ್ರಮವಿಧಿ ಅದನ್ನು ಯಾವ ಪದಗಳಾಗಿ ಬಿಡಿಸಿತು ಎಂಬುದನ್ನು ಪರದೆಯ ಮೇಲೆ ಮುದ್ರಿಸಿ ನೋಡಿ. `\w`ನ ಬದಲು ಕನ್ನಡದ ಯೂನಿಕೋಡ್ ವಲಯವನ್ನೇ ಹೆಸರಿಸಿ ಕೇಳುವುದು ಸುರಕ್ಷಿತ.

```python
import re, unicodedata

def words(s):
    s = unicodedata.normalize("NFC", s.lower())
    s = s.replace("\u200c", "").replace("\u200d", "")
    return re.findall(r"[\u0C80-\u0CFF]+|[a-z]+", s)
```

`normalize` ಇರುವ ಸಾಲು ಏಕೆ ಬೇಕೆಂದರೆ, ‘ೋ’ ಎಂಬ ಒಂದೇ ಸ್ವರಚಿಹ್ನೆಯನ್ನು ಒಂದು ಸಂಕೇತವಾಗಿಯೂ ಎರಡು ಮೂರು ತುಣುಕುಗಳ ಜೋಡಣೆಯಾಗಿಯೂ ಬರೆಯಲು ಯೂನಿಕೋಡ್‌ನಲ್ಲಿ ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. `NFC` ಅವುಗಳನ್ನು ಒಂದೇ ರೂಪಕ್ಕೆ ತರುತ್ತದೆ. `replace` ಇರುವ ಸಾಲು ‘ಸೂಪರ್‌’ ಎಂಬಂಥ ಪದಗಳ ಕೊನೆಯಲ್ಲಿ ಅಥವಾ ನಡುವೆ ಕೀಲಿಮಣೆ ಸೇರಿಸುವ, ಕಣ್ಣಿಗೆ ಕಾಣದ ಸಂಕೇತಗಳನ್ನು ತೆಗೆದುಹಾಕುತ್ತದೆ. ನಿಮ್ಮ ಪದಪಟ್ಟಿಯನ್ನೂ ಇದೇ ಜರಡಿಯಲ್ಲಿ ಒಮ್ಮೆ ಹಾಯಿಸಿ. ಅಭಿಪ್ರಾಯವನ್ನು ಶುಚಿ ಮಾಡಿ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಎರಡೂ ಭೇಟಿಯಾಗುವುದಿಲ್ಲ.

ಇನ್ನು ‘ಇಲ್ಲ’ವನ್ನು ಹಿಡಿಯುವುದು. ಪದ ‘ಲ್ಲ’ ಎಂದು ಕೊನೆಗೊಂಡರೆ ನಿಷೇಧ ಎಂಬ ಸರಳ ನಿಯಮ ಆಶ್ಚರ್ಯವೆನಿಸುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ: ಇಲ್ಲ, ಅಲ್ಲ, ಬರಲ್ಲ, ಸಿಗಲಿಲ್ಲ, ಬಿಸಿಯಾಗಿಲ್ಲ ಎಲ್ಲವೂ ಅದರಲ್ಲಿ ಸಿಗುತ್ತವೆ. ‘ರುಚಿಯಿಲ್ಲದ ಪಲ್ಯ’, ‘ಉಪ್ಪಿಲ್ಲದೆ’ ಎಂಬವುಗಳಿಗಾಗಿ ‘ಲ್ಲದ’, ‘ಲ್ಲದೆ’ಗಳನ್ನು ಸೇರಿಸಬೇಕು. ಹುಬ್ಬಳ್ಳಿಯ ಗ್ರಾಹಕರು ‘ಚಲೋ ಇಲ್ರಿ’ ಎಂದು ಬರೆಯುವುದರಿಂದ ‘ಲ್ರಿ’ ಕೂಡ ಬೇಕು. ದಾವಣಗೆರೆಯ ಅಭಿಪ್ರಾಯಗಳನ್ನಷ್ಟೇ ನೋಡಿ ನಿಯಮ ಮಾಡಿದ್ದರೆ ಇದು ತಪ್ಪಿಹೋಗುತ್ತಿತ್ತು. ಆದರೆ ಈ ನಿಯಮ ಕೆಲವು ನಿರಪರಾಧಿಗಳನ್ನೂ ಹಿಡಿದುಕೊಂಡು ಬರುತ್ತದೆ. ನಾನು ಹಿಂದೊಮ್ಮೆ ಒಂದು ಕ್ಯಾಂಟೀನಿನ ಅಭಿಪ್ರಾಯಗಳನ್ನು ಹೀಗೆ ವಿಂಗಡಿಸಿದಾಗ, ‘ಸಾಂಬಾರ್ ರುಚಿ ಬೆಲ್ಲ ಹಾಕಿದ ಹಾಗೆ ಸೊಗಸು’ ಎಂಬ ಮೆಚ್ಚುಗೆ ದೂರಿನ ಕಡತದಲ್ಲಿ ಕುಳಿತಿತ್ತು. ಬಹಳ ಹೊತ್ತು ನೋಡಿದ ಮೇಲೆ ತಿಳಿಯಿತು, ‘ಬೆಲ್ಲ’ ಕೂಡ ‘ಲ್ಲ’ ಎಂದೇ ಮುಗಿಯುತ್ತದೆ. ‘ಎಲ್ಲ’, ‘ಬಲ್ಲ’ ಇದೇ ಜಾತಿಯವು. ‘ಅಲ್ಲದೆ’ ಎಂಬುದು ಬಹುತೇಕ ‘ಜೊತೆಗೆ’ ಎಂಬ ಅರ್ಥದಲ್ಲಿ ಬರುತ್ತದೆ. ಇವುಗಳನ್ನು ವಿನಾಯಿತಿಯ ಪಟ್ಟಿಗೆ ಸೇರಿಸಬೇಕು.

ವಿನಾಯಿತಿಯ ಪಟ್ಟಿಯಲ್ಲಿ ಅತಿ ಮುಖ್ಯವಾದ ಪದವೆಂದರೆ ‘ಪರವಾಗಿಲ್ಲ’. ಅದರಲ್ಲಿ ‘ಇಲ್ಲ’ ಇದೆ, ಆದರೆ ಯಾರೂ ಅದನ್ನು ದೂರಾಗಿ ಬರೆಯುವುದಿಲ್ಲ. ‘ಹೊಗಳುವಷ್ಟಿಲ್ಲ, ತೆಗಳುವಷ್ಟೂ ಇಲ್ಲ’ ಎಂಬ ನಿಜವಾದ ತಟಸ್ಥ ಮಾತು ಕನ್ನಡದಲ್ಲಿ ಇದೊಂದೇ ಎನ್ನಬಹುದು. ಅದನ್ನು ಬಿಟ್ಟರೆ ‘ರುಚಿ ಪರವಾಗಿಲ್ಲ’ ಎಂಬುದು ‘ರುಚಿ ಇಲ್ಲ’ ಎಂದು ಓದಿಕೊಳ್ಳುತ್ತದೆ. ‘ಪರ್ವಾಗಿಲ್ಲ’, ‘ಪರವಾಯಿಲ್ಲ’ ಎಂಬ ಆಡುರೂಪಗಳನ್ನೂ ಜೊತೆಗೆ ಹಾಕಿ. ಇದಕ್ಕೆ ಹತ್ತಿರದ ‘ಅಡ್ಡಿಯಿಲ್ಲ’ ಎಂಬುದಕ್ಕೆ ವಿನಾಯಿತಿ ಬೇಕಾಗಿಲ್ಲ: ‘ಅಡ್ಡಿ’ಯನ್ನು ಕೆಟ್ಟ ಪದಗಳಲ್ಲಿ ಇಟ್ಟರೆ, ಬಾಲದ ‘ಇಲ್ಲ’ ಅದನ್ನು ತಾನೇ ಒಳ್ಳೆಯದಕ್ಕೆ ತಿರುಗಿಸುತ್ತದೆ. ‘ತೊಂದರೆ ಇಲ್ಲ’, ‘ತಡ ಆಗಲಿಲ್ಲ’ ಎಂಬವೂ ಹಾಗೆಯೇ.

```python
NEG = ("ಲ್ಲ", "ಲ್ಲದ", "ಲ್ಲದೆ", "ಲ್ರಿ")
FIN = ("ಇದೆ", "ಿದೆ", "ತ್ತು", "ಐತಿ", "ೈತಿ")
EXC = {"ಎಲ್ಲ", "ಬೆಲ್ಲ", "ಬಲ್ಲ", "ಅಲ್ಲದೆ", "ಪರವಾಗಿಲ್ಲ"}

def negated(ws, i):
    for x in ws[i:i+3]:
        if x in EXC:
            continue
        if x.endswith(NEG):
            return True
        if x.endswith(FIN):
            return False
    return False

def score(ws, stems):
    pos = neg = hit = 0
    for i, w in enumerate(ws):
        for st, v in stems:
            if w.startswith(st):
                if negated(ws, i):
                    v = -v
                pos += v > 0
                neg += v < 0
                hit += 1
                break
    return pos, neg, hit
```

ಇಲ್ಲಿ `stems` ಎಂಬುದು ಪದದ ಮೊದಲ ಭಾಗ ಮತ್ತು ಅದರ ಬೆಲೆಯ ಜೋಡಿಗಳ ಪಟ್ಟಿ: ‘ಚೆನ್ನಾಗಿ’ಗೆ 1, ‘ರುಚಿ’ಗೆ 1, ‘ತಡ’ಕ್ಕೆ -1, ‘ಪರವಾಗಿಲ್ಲ’ಕ್ಕೆ 0. ಉದ್ದನೆಯದು ಮೊದಲು ಬರುವಂತೆ ಜೋಡಿಸಿರಬೇಕು, ಏಕೆಂದರೆ ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಪದ ಎಲ್ಲಿಯಾದರೂ ಇದೆಯೇ ಎಂದು ಹುಡುಕುವ ಬದಲು ಪದದ ಆರಂಭವನ್ನು ಮಾತ್ರ ಹೋಲಿಸುತ್ತಿರುವುದನ್ನು ಗಮನಿಸಿ. ನಮ್ಮ ಪ್ರತ್ಯಯಗಳು ಬಾಲಕ್ಕೆ ಅಂಟುವುದರಿಂದ ‘ರುಚಿ’ ಎಂಬೊಂದೇ ಮೊದಲ ಭಾಗದಿಂದ ರುಚಿಯಾಗಿತ್ತು, ರುಚಿಕರ, ರುಚಿಯಿಲ್ಲ ಎಲ್ಲವೂ ಸಿಗುತ್ತವೆ. ಅಭಿಪ್ರಾಯವನ್ನು ಮೊದಲು ವಿರಾಮಚಿಹ್ನೆಗಳಲ್ಲಿಯೂ ‘ಆದರೆ’, ‘ಆದ್ರೆ’ಗಳಲ್ಲಿಯೂ ಕತ್ತರಿಸಿ, ಒಂದೊಂದು ತುಂಡನ್ನೂ ಬೇರೆಯಾಗಿ ಇದಕ್ಕೆ ಕೊಡಬೇಕು.

ಒಂದು ಅಭಿಪ್ರಾಯವನ್ನು ಕೈಯಲ್ಲಿ ಹಿಡಿದು ನಡೆಸಿ ನೋಡೋಣ: ‘ದೋಸೆ ಚೆನ್ನಾಗಿತ್ತು ಚಟ್ನಿಗೆ ರುಚಿ ಇಲ್ಲ, ಆದ್ರೆ ಬೆಲೆ ಪರವಾಗಿಲ್ಲ’. ನಿಮ್ಮ ಹಳೆಯ ವಿಧಾನ ಇದರಲ್ಲಿ ‘ಚೆನ್ನಾಗಿ’ ಮತ್ತು ‘ರುಚಿ’ ಎಂಬ ಎರಡು ಒಳ್ಳೆಯ ಪದಗಳನ್ನು ಕಂಡು, ಕೆಟ್ಟದ್ದು ಒಂದೂ ಸಿಗದೆ, ಅಪ್ಪಟ ಮೆಚ್ಚುಗೆ ಎಂದು ಬರೆದಿರುತ್ತದೆ. ಈಗ ಮೊದಲ ತುಂಡಿನಲ್ಲಿ ‘ಚೆನ್ನಾಗಿತ್ತು’ ಸಿಗುತ್ತದೆ. ಅದು ‘ತ್ತು’ ಎಂದು ಮುಗಿಯುವುದರಿಂದ ಮುಂದೆ ನೋಡುವ ಮಾತಿಲ್ಲ, ಒಂದು ಒಳ್ಳೆಯದು. ಆಮೇಲೆ ‘ರುಚಿ’ ಸಿಗುತ್ತದೆ. ಅದು ಕ್ರಿಯಾಪದವಲ್ಲ, ಮುಂದಿನ ಪದ ‘ಇಲ್ಲ’, ಆದ್ದರಿಂದ ಒಂದು ಕೆಟ್ಟದ್ದು. ಎರಡನೆಯ ತುಂಡಿನಲ್ಲಿ ‘ಪರವಾಗಿಲ್ಲ’, ಬೆಲೆ ಸೊನ್ನೆ. ಒಟ್ಟು ಲೆಕ್ಕ ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಕಳೆದರೆ ಸೊನ್ನೆ ಬರುತ್ತದೆ. ಇಲ್ಲಿಯೇ ನಿಮ್ಮ ಎರಡನೆಯ ಕಾಯಿಲೆಯ ಬೇರು ಕೂಡ ಇದೆ.

ಸೊನ್ನೆ ಬಂದದ್ದನ್ನೆಲ್ಲ ತಟಸ್ಥ ಎಂದು ಕರೆಯುವುದು ಈ ಕೆಲಸದಲ್ಲಿ ನಡೆಯುವ ಅತಿ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ. ಸೊನ್ನೆ ಮೂರು ದಾರಿಯಿಂದ ಬರುತ್ತದೆ. ‘ಪರವಾಗಿಲ್ಲ’ ಎಂದವರು ನಿಜವಾಗಿಯೂ ತಟಸ್ಥರು. ದೋಸೆಯನ್ನು ಹೊಗಳಿ ಚಟ್ನಿಯನ್ನು ಬೈದವರದ್ದು ಮಿಶ್ರ ಅಭಿಪ್ರಾಯ, ಅದರಲ್ಲಿ ನಿಮಗೆ ಬೇಕಾದ ದೂರು ಇದೆ. ಮೂರನೆಯದು, ಪಟ್ಟಿಯ ಒಂದು ಪದವೂ ಸಿಗದ ಅಭಿಪ್ರಾಯ. ಅದು ತಟಸ್ಥವೋ ಅಲ್ಲವೋ ಕ್ರಮವಿಧಿಗೆ ಗೊತ್ತೇ ಇಲ್ಲ. ಮೇಲಿನ ಕೋಡ್‌ನಲ್ಲಿ `hit` ಎಂಬುದನ್ನು ಬೇರೆಯಾಗಿ ಎಣಿಸಿದ್ದು ಇದಕ್ಕಾಗಿಯೇ. `hit` ಸೊನ್ನೆಯಾಗಿದ್ದರೆ ‘ತಿಳಿಯದು’ ಎಂಬ ನಾಲ್ಕನೆಯ ಪೆಟ್ಟಿಗೆಗೆ ಹಾಕಿ. `pos`, `neg` ಎರಡೂ ಇದ್ದರೆ ಅದನ್ನು ದೂರಿನ ಜೊತೆಗೇ ಇಡಿ, ಏಕೆಂದರೆ ಹೋಟೆಲ್ ನಡೆಸುವವರಿಗೆ ಮೆಚ್ಚುಗೆಯೊಂದು ಕೈತಪ್ಪಿದರೆ ನಷ್ಟವಿಲ್ಲ, ದೂರೊಂದು ಕೈತಪ್ಪಿದರೆ ನಷ್ಟವಿದೆ. ಹೀಗೆ ಬೇರೆ ಮಾಡಿದ ಮೇಲೆ ನಿಮ್ಮ ‘ಅರ್ಧದಷ್ಟು ತಟಸ್ಥ’ದಲ್ಲಿ ಬಹುಪಾಲು ‘ತಿಳಿಯದು’ ಎಂಬುದಕ್ಕೆ ಸೇರಿದ್ದು ಎಂಬುದು ಕಾಣುತ್ತದೆ.

ಆ ಪೆಟ್ಟಿಗೆ ಕಸದ ಬುಟ್ಟಿಯಲ್ಲ, ಪಟ್ಟಿ ಬೆಳೆಯಬೇಕಾದ ಹೊಲ ಅದೇ. ಅನುವಾದಿಸಿದ ಪಟ್ಟಿಯಲ್ಲಿ ‘ಅತ್ಯುತ್ತಮ’, ‘ಅಸಮಾಧಾನಕರ’, ‘ಶೋಚನೀಯ’ ಎಂಬ ಪದಗಳಿರುತ್ತವೆ. ಇಡ್ಲಿ ತಿಂದು ಕೈ ತೊಳೆದು ಬಂದವರು ‘ಸೂಪರ್’, ‘ಸಕತ್’, ‘ಮಸ್ತ್’, ‘ಭಾಳ ಚಲೋ’, ‘ವೇಸ್ಟ್’, ‘ಸಪ್ಪೆ’, ‘ಹಳಸಿದೆ’ ಎಂದು ಬರೆಯುತ್ತಾರೆ. ‘ತಿಳಿಯದು’ ಎಂಬುದರಲ್ಲಿರುವ ಎಲ್ಲ ಪದಗಳನ್ನೂ ಎಣಿಸಿ, ಹೆಚ್ಚು ಬಾರಿ ಬಂದ ಇನ್ನೂರನ್ನು ಕಾಗದದ ಮೇಲೆ ತೆಗೆದುಕೊಂಡು ಕುಳಿತರೆ, ಒಂದು ಮಧ್ಯಾಹ್ನದಲ್ಲಿ ನಿಮ್ಮ ಹೋಟೆಲಿನದೇ ಆದ ಪಟ್ಟಿ ತಯಾರಾಗುತ್ತದೆ. ಅದರಲ್ಲಿ ಬೈಗುಳವೂ ಹೊಗಳಿಕೆಯೂ ಅಲ್ಲದ, ಆದರೆ ಈ ಕೆಲಸಕ್ಕೆ ಎಲ್ಲಕ್ಕಿಂತ ಬೆಲೆಬಾಳುವ ಪದಗಳು ಸಿಗುತ್ತವೆ. ‘ಸಾಂಬಾರಲ್ಲಿ ಕೂದಲು’ ಎಂಬ ಎರಡೇ ಪದಗಳ ಅಭಿಪ್ರಾಯದಲ್ಲಿ ಯಾವ ನಿಘಂಟಿನ ಪ್ರಕಾರವೂ ಕೆಟ್ಟ ಪದವಿಲ್ಲ. ಹೋಟೆಲಿನಲ್ಲಿ ‘ಕೂದಲು’, ‘ಜಿರಳೆ’, ‘ನೊಣ’ ಬಂದರೆ ಅದು ದೂರೇ. ‘ಮತ್ತೆ ಬರ್ತೀವಿ’ ಎಂಬುದು ಮೆಚ್ಚುಗೆ. ‘ಮತ್ತೆ ಬರಲ್ಲ’ ಎಂಬುದು, ಮೇಲಿನ ನಿಯಮದಿಂದಲೇ, ದೂರು.

ಬೇರೊಬ್ಬರ ಪಟ್ಟಿಯನ್ನು ತಂದುಕೊಳ್ಳುವುದರ ಅಪಾಯ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಟಿಮ್ ಲೌಗ್ರನ್ ಮತ್ತು ಬಿಲ್ ಮೆಕ್‌ಡೊನಾಲ್ಡ್ ಎಂಬ ಹಣಕಾಸು ಅಧ್ಯಾಪಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾರ್ವರ್ಡ್ ಹೆಸರಿನ ಹಳೆಯ ಪ್ರಸಿದ್ಧ ಪದಪಟ್ಟಿಯನ್ನು ಕಂಪನಿಗಳ ವಾರ್ಷಿಕ ವರದಿಗಳಿಗೆ ಹಚ್ಚಿ ನೋಡಿದಾಗ, ಅದು ಕೆಟ್ಟದ್ದೆಂದು ಎಣಿಸಿದ ಪದಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಆ ವರದಿಗಳ ಮಟ್ಟಿಗೆ ಕೆಟ್ಟದ್ದೇ ಅಲ್ಲ ಎಂದು ಕಂಡುಬಂತು. ತೆರಿಗೆ, ವೆಚ್ಚ, ಹೊಣೆಗಾರಿಕೆ ಎಂಬ ಪದಗಳು ಲೆಕ್ಕಪತ್ರದಲ್ಲಿ ದಿನನಿತ್ಯದ ಮಾತು. ಅದೇ ಭಾಷೆಯೊಳಗೆ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಹೋದಾಗಲೇ ಹೀಗಾದರೆ, ಭಾಷೆಯನ್ನೇ ಬದಲಿಸಿದ ಪಟ್ಟಿಯಿಂದ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ.

ಹೋಟೆಲಿನ ಮಾತಿನಲ್ಲಿ ಕೆಲವು ಪದಗಳಿಗೆ ಒಂದೇ ಬೆಲೆ ಕಟ್ಟಲು ಸಾಧ್ಯವೇ ಇಲ್ಲ. ‘ಕಡಿಮೆ’ ಎಂಬುದು ಬೆಲೆಯ ಪಕ್ಕದಲ್ಲಿದ್ದರೆ ಮೆಚ್ಚುಗೆ, ಪಲ್ಯದ ಪಕ್ಕದಲ್ಲಿದ್ದರೆ ದೂರು. ‘ತಣ್ಣಗಿತ್ತು’ ಎಂಬುದು ಮಜ್ಜಿಗೆಗೆ ಹೊಗಳಿಕೆ, ದೋಸೆಗೆ ಬೈಗುಳ. ‘ಸುಮಾರಾಗಿತ್ತು’ ಎಂದರೆ ಅಷ್ಟೇನೂ ಚೆನ್ನಾಗಿರಲಿಲ್ಲ ಎಂದು, ಆದರೆ ‘ಸುಮಾರು ಹೊತ್ತು’ ಎಂಬಲ್ಲಿ ಅದು ಕೇವಲ ಅಳತೆ. ಇಂಥ ಪದಗಳನ್ನು ಒಂಟಿಯಾಗಿ ಪಟ್ಟಿಯಲ್ಲಿ ಇಡಬೇಡಿ. ‘ಬೆಲೆ ಕಡಿಮೆ’, ‘ರೇಟ್ ಕಡಿಮೆ’, ‘ಪಲ್ಯ ಕಡಿಮೆ’, ‘ದೋಸೆ ತಣ್ಣಗೆ’ ಎಂದು ಜೋಡಿಯಾಗಿ ಇಡಿ, ಮತ್ತು ಒಂಟಿ ಪದಗಳನ್ನು ನೋಡುವ ಮೊದಲೇ ಜೋಡಿಗಳನ್ನು ಹೊಂದಿಸಿ ತೆಗೆದುಬಿಡಿ. ತಿಂಡಿಗಳ ಹೆಸರುಗಳನ್ನೂ ಹೀಗೆಯೇ ಮೊದಲು ತೆಗೆಯಬೇಕು. ‘ಬಿಸಿ’ಗೆ ಒಳ್ಳೆಯ ಬೆಲೆ ಕೊಟ್ಟರೆ ‘ಬಿಸಿಬೇಳೆಬಾತ್ ಹಳಸಿತ್ತು’ ಎಂಬುದಕ್ಕೂ ಒಂದು ಒಳ್ಳೆಯ ಅಂಕ ಸಿಗುತ್ತದೆ; ‘ಖಾರ’ವನ್ನು ಕೆಟ್ಟದ್ದರಲ್ಲಿ ಇಟ್ಟರೆ ಖಾರಾಬಾತ್ ತಿಂದವರೆಲ್ಲ ದೂರುದಾರರಾಗುತ್ತಾರೆ. ಮೂರು ಹೋಟೆಲುಗಳ ಮೆನು ಕಾರ್ಡ್ ಇದಕ್ಕೆ ಸಾಕಾಗುವಷ್ಟು ಪಟ್ಟಿ.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರ ವಿಷಯವನ್ನು ಬಿಡುವಂತಿಲ್ಲ, ನಿಮ್ಮಲ್ಲಿ ಅಂಥ ಅಭಿಪ್ರಾಯಗಳು ಗಣನೀಯವಾಗಿಯೇ ಇರುತ್ತವೆ. ‘ಚೆನ್ನಾಗಿದೆ’ ಎಂಬೊಂದನ್ನೇ `chennagide`, `channagide`, `chenagidhe`, `chennaagide` ಎಂದು ಬರೆಯುತ್ತಾರೆ. ಅವುಗಳನ್ನು ಕನ್ನಡ ಲಿಪಿಗೆ ತಿರುಗಿಸಲು ಹೋಗಬೇಡಿ, ಅದು ಬೇರೆಯದೇ ತಲೆನೋವು. `dh`ಅನ್ನು `d` ಮಾಡಿ, `th`ಅನ್ನು `t` ಮಾಡಿ, ಎರಡೆರಡು ಬಾರಿ ಬಂದ ಅಕ್ಷರವನ್ನು ಒಂದಕ್ಕೆ ಇಳಿಸಿದರೆ ಈ ನಾಲ್ಕೂ ಎರಡು ರೂಪಗಳಿಗೆ ಬರುತ್ತವೆ, ಅವೆರಡಕ್ಕೂ ಒಂದು ಚಿಕ್ಕ ಪ್ರತ್ಯೇಕ ಪಟ್ಟಿ ಸಾಕು. ಹೀಗೆ ಇಳಿಸುವಾಗ `ll`ಅನ್ನು ಮಾತ್ರ ಮುಟ್ಟಬೇಡಿ. ಅದನ್ನೂ ಇಳಿಸಿದರೆ `baralla` ಎಂಬುದು `barala` ಆಗುತ್ತದೆ, ನಿಷೇಧವನ್ನು `ala` ಎಂಬ ಬಾಲದಿಂದ ಗುರುತಿಸಬೇಕಾಗುತ್ತದೆ, ಆಗ `masala dose` ತಿಂದವರೆಲ್ಲರ ಮಾತೂ ತಲೆಕೆಳಗಾಗುತ್ತದೆ.

ಇಷ್ಟು ಮಾಡಿದ್ದು ಸರಿಯಾಯಿತೇ ಎಂಬುದನ್ನು ಕಂಡುಕೊಳ್ಳುವುದು ಹೇಗೆ ಎಂಬುದು ಉಳಿಯಿತು. ನಾಲ್ಕು ಸಾವಿರದಲ್ಲಿ ಮುನ್ನೂರನ್ನು ಲಾಟರಿಯಂತೆ ಎತ್ತಿ, ಮೂರೂ ಹೋಟೆಲುಗಳ ಪಾಲು ಇರುವಂತೆ ನೋಡಿಕೊಂಡು, ಇಬ್ಬರಿಂದ ಬೇರೆ ಬೇರೆಯಾಗಿ ಗುರುತು ಹಾಕಿಸಿ. ಒಬ್ಬರು ಹುಬ್ಬಳ್ಳಿ ಕಡೆಯವರಾಗಿದ್ದರೆ ಒಳ್ಳೆಯದು. ಇಬ್ಬರೂ ಒಪ್ಪದ ಅಭಿಪ್ರಾಯಗಳನ್ನು ಕುಳಿತು ಮಾತಾಡಿ ತೀರ್ಮಾನಿಸಿ, ಆ ತೀರ್ಮಾನವನ್ನು ಬರೆದಿಡಿ. ‘ಪರವಾಗಿಲ್ಲ’ವನ್ನು ಒಬ್ಬರು ಮೆಚ್ಚುಗೆ ಎಂದೂ ಇನ್ನೊಬ್ಬರು ತಟಸ್ಥ ಎಂದೂ ಹಾಕಿರುವುದು ಖಂಡಿತ ಸಿಗುತ್ತದೆ, ಮನುಷ್ಯರೇ ಒಪ್ಪದ ಕಡೆ ಕ್ರಮವಿಧಿ ತಪ್ಪು ಮಾಡಿತೆಂದು ದೂರುವುದರಲ್ಲಿ ಅರ್ಥವಿಲ್ಲ. ಆ ಮುನ್ನೂರರಲ್ಲಿ ಅರ್ಧವನ್ನು ನೋಡುತ್ತ ನೋಡುತ್ತ ಪಟ್ಟಿಯನ್ನು ತಿದ್ದಿ, ಉಳಿದ ನೂರೈವತ್ತನ್ನು ಕೊನೆಯವರೆಗೂ ಮುಚ್ಚಿಡಿ. ನೋಡಿ ತಿದ್ದಿದ ವಾಕ್ಯಗಳ ಮೇಲೆಯೇ ಪರೀಕ್ಷೆ ಮಾಡಿದರೆ ಫಲಿತಾಂಶ ಯಾವಾಗಲೂ ಸುಂದರವಾಗಿರುತ್ತದೆ.

ಆ ಮುಚ್ಚಿಟ್ಟ ನೂರೈವತ್ತರಲ್ಲಿ ಜನ ಗುರುತಿಸಿದ ಪ್ರಕಾರ 95 ಮೆಚ್ಚುಗೆ, 35 ದೂರು, 20 ತಟಸ್ಥ ಇವೆ ಎಂದುಕೊಳ್ಳಿ. ಏನನ್ನೂ ಓದದೆ ಎಲ್ಲವನ್ನೂ ‘ಮೆಚ್ಚುಗೆ’ ಎಂದು ಕರೆಯುವ ಕ್ರಮವಿಧಿ ಕೂಡ ನೂರಕ್ಕೆ 63ರಷ್ಟು ಸರಿ ಉತ್ತರ ಕೊಡುತ್ತದೆ. ಆದ್ದರಿಂದ ಒಟ್ಟು ಎಷ್ಟು ಸರಿ ಎಂಬ ಅಂಕಿಯನ್ನು ನೆಚ್ಚಬೇಡಿ, ದೂರುಗಳನ್ನು ಮಾತ್ರ ಹಿಡಿದು ಎರಡು ಪ್ರಶ್ನೆ ಕೇಳಿ. ಕ್ರಮವಿಧಿ 30 ಅಭಿಪ್ರಾಯಗಳನ್ನು ದೂರು ಎಂದಿತು, ಅವುಗಳಲ್ಲಿ 24 ನಿಜವಾದ ದೂರು ಎಂದಿಟ್ಟುಕೊಂಡರೆ, ಅದು ದೂರು ಎಂದಾಗ ನೂರಕ್ಕೆ 80ರಷ್ಟು ನಂಬಬಹುದು. ಆದರೆ ಇದ್ದ 35ರಲ್ಲಿ ಅದು ಹಿಡಿದದ್ದು 24 ಮಾತ್ರ, ಅಂದರೆ ನೂರಕ್ಕೆ 69ರಷ್ಟು. 11 ದೂರುಗಳು ಕೈತಪ್ಪಿದವು. ನಿಮಗೆ ಮುಖ್ಯವಾದದ್ದು ಈ ಎರಡನೆಯ ಅಂಕಿ.

ಕೈತಪ್ಪಿದ ಆ ಹನ್ನೊಂದನ್ನು ಒಂದೊಂದಾಗಿ ಓದಿ, ಏಕೆ ತಪ್ಪಿತು ಎಂದು ಪಕ್ಕದಲ್ಲಿ ಬರೆಯಿರಿ. ಪಟ್ಟಿಯಲ್ಲಿ ಪದವೇ ಇರಲಿಲ್ಲವೇ, ಕಾಗುಣಿತ ಬೇರೆಯಿತ್ತೇ, ‘ಇಲ್ಲ’ ತಪ್ಪು ಪದಕ್ಕೆ ಹೋಯಿತೇ ಎಂಬುದನ್ನು ಅವೇ ಹೇಳುತ್ತವೆ. ಮೊದಲೆರಡು ಹೆಚ್ಚಿದ್ದರೆ ಪಟ್ಟಿ ಬೆಳೆಸಿ ಗೆಲ್ಲಬಹುದು. ಮೂರನೆಯದಕ್ಕೆ ಒಂದು ಉದಾಹರಣೆ: ‘ದುಬಾರಿ ರುಚಿ ಇಲ್ಲ’. ಕ್ರಿಯಾಪದವಿಲ್ಲದೆ ‘ದುಬಾರಿ’ ಎಂದಷ್ಟೇ ಬರೆದುದರಿಂದ ಮೇಲಿನ ಕೋಡ್ ಎರಡು ಪದ ಮುಂದಿನ ‘ಇಲ್ಲ’ವನ್ನು ಅದಕ್ಕೂ ಅಂಟಿಸಿ, ‘ದುಬಾರಿಯಲ್ಲ’ ಎಂಬ ಹೊಗಳಿಕೆಯನ್ನಾಗಿ ಮಾಡುತ್ತದೆ; ‘ರುಚಿ ಇಲ್ಲ’ದಿಂದಾಗಿ ಇಡೀ ಮಾತು ಮಿಶ್ರವೆಂದು ದೂರಿನ ಜೊತೆಗೇ ಬಿದ್ದರೂ ಈ ಎಣಿಕೆ ತಪ್ಪು. `negated`ಗೆ `stems`ಅನ್ನೂ ಕೊಟ್ಟು, ‘ಇಲ್ಲ’ಕ್ಕೂ ಪದಕ್ಕೂ ನಡುವೆ ಪಟ್ಟಿಯ ಇನ್ನೊಂದು ಪದ ಬಂದರೆ ನಿಲ್ಲಿಸು ಎಂಬ ನಿಯಮವನ್ನು ಅದರೊಳಗೆ ಸೇರಿಸಿದರೆ ಇದು ಸರಿಹೋಗುತ್ತದೆ. ‘ಕಾಯಿಸಿದ’ ಮತ್ತು ‘ಕಾಯಿಸದೆ’ಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ ಯಾವ ನಿಯಮವನ್ನೂ ಮಾಡಲು ಹೋಗಬೇಡಿ, ‘ನಮ್ಮನ್ನು ಕಾಯಿಸದೆ ಕೊಟ್ಟರು’ ಎಂಬುದು ಮೆಚ್ಚುಗೆ, ‘ಸ’ಕ್ಕೆ ಒಂದು ಗುಡಿಸು ಸೇರಿದರೆ ದೂರು. ‘ಕಾಯಿಸದೆ’, ‘ತಡಮಾಡದೆ’ಯಂಥ ಹತ್ತಿಪ್ಪತ್ತು ಪೂರ್ಣರೂಪಗಳನ್ನು ಒಳ್ಳೆಯ ಪದಗಳೆಂದು ಹಾಗೆಯೇ ಬರೆದಿಡುವುದು ಸುಲಭ. ‘ಚೆನ್ನಾಗಿಲ್ಲ ಅನ್ನೋ ಹಾಗಿಲ್ಲ’ ಎಂಬ ಜೋಡಿ ನಿಷೇಧಗಳನ್ನೂ ಹೀಗೆ ಇಡಿಯಾಗಿಯೇ ಜೋಡಿಪದಗಳ ಪಟ್ಟಿಗೆ ಹಾಕಿ.

ವ್ಯಂಗ್ಯ ಮಾತ್ರ ಇದ್ಯಾವುದಕ್ಕೂ ಸಿಗುವುದಿಲ್ಲ. ‘ಭಾನುವಾರ ಒಂದು ಗಂಟೆ ಚೆನ್ನಾಗಿ ಕಾಯಿಸಿದರು, ಸೂಪರ್ ಸರ್ವಿಸ್’ ಎಂಬುದರಲ್ಲಿ ಎರಡು ಒಳ್ಳೆಯ ಪದ, ಒಂದು ಕೆಟ್ಟ ಪದ ಇವೆ. ಮಿಶ್ರವನ್ನೆಲ್ಲ ದೂರಿನ ಜೊತೆ ಇಡಬೇಕೆಂದು ಹೇಳಿದ್ದರಿಂದ ಇದು ಹೇಗೋ ಸರಿಯಾದ ಕಡತಕ್ಕೇ ಬಂದು ಬೀಳುತ್ತದೆ. ‘ಕಾಯಿಸಿದರು’ ಎಂಬ ಪದವೂ ಇಲ್ಲದೆ ಬರೀ ‘ಭಾನುವಾರ ಬನ್ನಿ, ಸೂಪರ್ ಸರ್ವಿಸ್’ ಎಂದು ಬರೆದಿದ್ದರೆ ಅದು ಮೆಚ್ಚುಗೆಯಲ್ಲೇ ಉಳಿಯುತ್ತಿತ್ತು, ಮತ್ತು ಪಕ್ಕದಲ್ಲಿ ಕುಳಿತು ಕಾದಿದ್ದವರ ಹೊರತು ಬೇರೆ ಮನುಷ್ಯರೂ ಅದನ್ನು ಹಾಗೆಯೇ ಓದುತ್ತಿದ್ದರು.

ಓದಿ ತಿದ್ದಿದ ಮೇಲೆ ಆ ನೂರೈವತ್ತು ಮುಚ್ಚಿಟ್ಟದ್ದಾಗಿ ಉಳಿಯುವುದಿಲ್ಲ, ಪ್ರತಿ ಸುತ್ತಿಗೂ ಹೊಸದಾಗಿ ಎತ್ತಿ ಗುರುತು ಹಾಕಿಸಬೇಕು. ಹೀಗೆ ನೋಡಿದಾಗ ದೂರು ಹಿಡಿಯುವ ಪ್ರಮಾಣ ಎರಡು ಮೂರು ಸುತ್ತು ತಿದ್ದಿದ ಮೇಲೂ ಏರದೆ ನಿಂತರೆ, ಮತ್ತು ಆ ಹೊತ್ತಿಗೆ ಕೈಯಿಂದ ಗುರುತು ಹಾಕಿದ ಅಭಿಪ್ರಾಯಗಳು ಒಂದೆರಡು ಸಾವಿರ ಸೇರಿದ್ದರೆ, ಆಗ ಪಟ್ಟಿಯನ್ನು ಬಿಟ್ಟು ಗುರುತು ಹಾಕಿದ ಅಭಿಪ್ರಾಯಗಳಿಂದಲೇ ಕಲಿಯುವ ವಿಧಾನಕ್ಕೆ ಹೋಗಬಹುದು. ಕನ್ನಡಕ್ಕೆ ಇಡೀ ಪದಗಳಿಗಿಂತ ಮೂರರಿಂದ ಐದು ಯೂನಿಕೋಡ್ ಸಂಕೇತಗಳ ತುಣುಕುಗಳನ್ನು ಕೊಟ್ಟು, ಪ್ರತಿ ತುಣುಕಿನ ತೂಕವನ್ನು ಉದಾಹರಣೆಗಳಿಂದ ಕಲಿಯುವ ಲಾಜಿಸ್ಟಿಕ್ ರಿಗ್ರೆಷನ್ ಮಾಡಿಸುವುದು ಹೆಚ್ಚು ಹೊಂದುತ್ತದೆ, ಏಕೆಂದರೆ ‘ಗಿಲ್ಲ’ ಎಂಬ ಬಾಲವನ್ನು ಅದು ತಾನಾಗಿಯೇ ಕಲಿಯುತ್ತದೆ. ಅಲ್ಲಿಯವರೆಗೆ ‘ತಿಳಿಯದು’ ಪೆಟ್ಟಿಗೆಯನ್ನು ತಿಂಗಳಿಗೊಮ್ಮೆ ತೆರೆದು, ಹೊಸದಾಗಿ ಬಂದ ಪದಗಳನ್ನು ಪಟ್ಟಿಗೆ ಸೇರಿಸುತ್ತಿರಿ.